ನಿಯಮ ಬದಲಾದಾಗ ಹಳೆಯ ಲೆಕ್ಕ ತಪ್ಪುವುದೇಕೆ?

ಗ್ರಂಥಾಲಯಕ್ಕೆ ಹೆಚ್ಚಾಗಿ ಹೋಗುವ ಮಕ್ಕಳು ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆಯುವರೆಂಬುದು ಹಳೆಯ ದಾಖಲೆಗಳಿಂದ ಒಂದು ಶಾಲೆಯ ಗಮನಕ್ಕೆ ಬಂದಿತೆನ್ನೋಣ. ಅದನ್ನು ನಂಬಿ, ಗ್ರಂಥಾಲಯದ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದವರಿಗೆ ಐದು ಅಂಕ ಎಂಬ ನಿಯಮವನ್ನು ಶಾಲೆಯು ತರುತ್ತದೆ. ಸಹಿಗಳು ತುಂಬುತ್ತವೆ; ಓದು ಮಾತ್ರ ಇದ್ದಲ್ಲಿಯೇ ಉಳಿಯುತ್ತದೆ. ಹಳೆಯ ದಾಖಲೆ ಸುಳ್ಳಾಗಿರಲಿಲ್ಲ. ಆದರೆ ಅದು ಅಂಕದ ಆಸೆಯಿಲ್ಲದೆ ಓದಲು ಹೋದ ಮಕ್ಕಳ ದಾಖಲೆಯಾಗಿತ್ತು.

ಇಂಥದೇ ತಪ್ಪು ದೊಡ್ಡ ರಾಷ್ಟ್ರಗಳ ಆರ್ಥಿಕ ನೀತಿಯಲ್ಲಿಯೂ ನಡೆದುಹೋಗಿದೆ. 1958ರಲ್ಲಿ ಲಂಡನ್ನಿನ ಪ್ರಾಧ್ಯಾಪಕ ಎ. ಡಬ್ಲ್ಯು. ಫಿಲಿಪ್ಸ್ ಅವರು 1861ರಿಂದ 1957ರವರೆಗಿನ ಬ್ರಿಟನ್ನಿನ ಅಂಕಿಅಂಶಗಳನ್ನು ಪರಿಶೀಲಿಸಿದರು. ನಿರುದ್ಯೋಗ ಕಡಿಮೆಯಿದ್ದ ವರ್ಷಗಳಲ್ಲಿ ವೇತನ ವೇಗವಾಗಿ ಏರಿತ್ತು; ನಿರುದ್ಯೋಗ ಹೆಚ್ಚಿದ್ದಾಗ ಆ ಏರಿಕೆ ಕುಗ್ಗಿತ್ತು. ಅಮೆರಿಕದ ಅರ್ಥಶಾಸ್ತ್ರಜ್ಞರು ವೇತನದ ಜಾಗದಲ್ಲಿ ಬೆಲೆಯನ್ನಿಟ್ಟು ಇದೇ ಸಂಬಂಧವನ್ನು ತಮ್ಮ ದೇಶಕ್ಕೂ ಅನ್ವಯಿಸಿದರು. ಆಗ ಅನೇಕರಿಗೆ ಅದು ಒಂದು ದರಪಟ್ಟಿಯಂತೆ ಕಂಡಿತು. ತುಸು ಬೆಲೆಯೇರಿಕೆಯನ್ನು ಸಹಿಸಿಕೊಂಡರೆ ಉತ್ಪಾದನೆಯೂ ಉದ್ಯೋಗವೂ ಹೆಚ್ಚುವುವೆಂದು ಅವರು ಭಾವಿಸಿದರು.

1960ರ ದಶಕದಲ್ಲಿ ಈ ಲೆಕ್ಕ ನಡೆದಂತೆಯೇ ತೋರಿತು. 1961ರಲ್ಲಿ ಅಮೆರಿಕದ ನಿರುದ್ಯೋಗ ಶೇ. 6.7ರಷ್ಟಿತ್ತು, 1969ರ ವೇಳೆಗೆ ಅದು ಶೇ. 3.5ಕ್ಕೆ ಇಳಿಯಿತು. ಬೆಲೆಯೇರಿಕೆಯಾದರೋ ಶೇ. 1ರಿಂದ ಶೇ. 5ನ್ನು ದಾಟಿತು.

ಇದರ ಹಿಂದಿನ ಕಾರಣವನ್ನು ಒಂದು ವೇತನ ಒಪ್ಪಂದದ ಮೂಲಕ ತಿಳಿಯಬಹುದು. ಬೆಲೆಗಳು ವರ್ಷಕ್ಕೆ ಶೇ. 1ರಷ್ಟೇ ಏರುವುವೆಂದು ನಂಬಿದ ಕಾರ್ಮಿಕರು ಶೇ. 1ರ ವೇತನ ಹೆಚ್ಚಳಕ್ಕೆ ಒಪ್ಪಿ ಸಹಿ ಹಾಕುತ್ತಾರೆ. ಸರ್ಕಾರದ ವೆಚ್ಚ ಹೆಚ್ಚಿ ಬೆಲೆಗಳು ಶೇ. 4ರಷ್ಟು ಏರುತ್ತವೆ. ಮಾಲೀಕನ ಸರಕಿಗೆ ಹೆಚ್ಚಿನ ಬೆಲೆ ಸಿಗುತ್ತದೆ, ವೇತನ ಮಾತ್ರ ಒಪ್ಪಂದದಷ್ಟೇ ಇರುತ್ತದೆ. ಆದ್ದರಿಂದ ಅವನು ಇನ್ನಷ್ಟು ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಾನೆ, ಉತ್ಪಾದನೆ ಹೆಚ್ಚುತ್ತದೆ. ಎಂದರೆ, ಉದ್ಯೋಗ ಹೆಚ್ಚಿದ್ದು ಬೆಲೆಯೇರಿಕೆಯಿಂದಲ್ಲ, ಅದು ಅನಿರೀಕ್ಷಿತವಾಗಿದ್ದುದರಿಂದ.

ಸರ್ಕಾರವು ಇದನ್ನೇ ನೀತಿಯಾಗಿಸಿಕೊಂಡಾಗ ಕಾರ್ಮಿಕರು ಅದನ್ನು ಅರಿಯುತ್ತಾರೆ. ಮುಂದಿನ ಒಪ್ಪಂದದಲ್ಲಿ ಅವರು ಮೊದಲೇ ಶೇ. 4ನ್ನು ಕೇಳುತ್ತಾರೆ. ಆಗ ಬೆಲೆ ಶೇ. 4ರಷ್ಟು ಏರಿದರೂ ಮಾಲೀಕನಿಗೆ ಯಾವ ಲಾಭವೂ ಉಳಿಯದು, ಹೊಸಬರಿಗೆ ಕೆಲಸವೂ ಸಿಗದು. ಹಿಂದಿನ ಫಲ ಬೇಕಾದರೆ ಬೆಲೆ ಶೇ. 7ರಷ್ಟು ಏರಬೇಕು. 1970ರ ದಶಕದಲ್ಲಿ ಅಮೆರಿಕದ ಕಾರ್ಮಿಕ ಒಪ್ಪಂದಗಳಲ್ಲಿ ನಮ್ಮ ತುಟ್ಟಿಭತ್ಯೆಯನ್ನು ಹೋಲುವ ಷರತ್ತು ವ್ಯಾಪಕವಾಗಿ ಸೇರಿಕೊಂಡದ್ದು ಇದೇ ಕಾರಣದಿಂದ.

ಅಂಕಿಗಳೂ ಅದನ್ನೇ ಹೇಳಿದವು. 1963ರಲ್ಲಿ ನಿರುದ್ಯೋಗ ಶೇ. 6ರ ಸಮೀಪವಿದ್ದಾಗ ಬೆಲೆಯೇರಿಕೆ ಶೇ. 1ಕ್ಕಿಂತ ಸ್ವಲ್ಪ ಹೆಚ್ಚಿತ್ತು. 1971ರಲ್ಲಿ ನಿರುದ್ಯೋಗ ಹೆಚ್ಚುಕಡಿಮೆ ಅಷ್ಟೇ ಇದ್ದರೂ ಬೆಲೆಯೇರಿಕೆ ಶೇ. 4ನ್ನು ಮೀರಿತ್ತು. ತೈಲಬೆಲೆಯ ಆಘಾತ ಬಂದದ್ದು 1973ರ ಕೊನೆಯಲ್ಲಿ. ಆದ್ದರಿಂದ ಎಲ್ಲವನ್ನೂ ತೈಲದ ತಲೆಗೆ ಕಟ್ಟಲಾಗದು. 1975ರಲ್ಲಿ ನಿರುದ್ಯೋಗವೂ ಬೆಲೆಯೇರಿಕೆಯೂ ಏಕಕಾಲದಲ್ಲಿ ಶೇ. 8ನ್ನು ದಾಟಿದವು.

ಮಿಲ್ಟನ್ ಫ್ರೀಡ್‌ಮನ್ ಮತ್ತು ಎಡ್ಮಂಡ್ ಫೆಲ್ಪ್ಸ್ 1960ರ ದಶಕದಲ್ಲಿಯೇ ಈ ಎಚ್ಚರಿಕೆ ನೀಡಿದ್ದರು. 1976ರಲ್ಲಿ ರಾಬರ್ಟ್ ಲ್ಯೂಕಸ್ ಅದನ್ನು ಒಂದು ಸಾಮಾನ್ಯ ಸೂತ್ರವಾಗಿಸಿದರು. ಜನರ ನಡವಳಿಕೆಯು ಜಾರಿಯಲ್ಲಿರುವ ನೀತಿಯನ್ನು ಅವರು ಹೇಗೆ ಅರ್ಥಮಾಡಿಕೊಂಡಿದ್ದಾರೆ ಎಂಬುದನ್ನು ಅವಲಂಬಿಸಿದೆ. ನೀತಿ ಬದಲಾದರೆ ನಡವಳಿಕೆಯೂ ಬದಲಾಗುತ್ತದೆ. ಹಳೆಯ ನಡವಳಿಕೆಯಿಂದ ತೆಗೆದ ಗುಣಾಂಕಗಳು ಹೊಸ ನೀತಿಯ ಫಲವನ್ನು ಹೇಳಲಾರವು.

ಈ ವಾದಕ್ಕೂ ಒಂದು ಮಿತಿಯಿದೆ. ಹೊಸ ನೀತಿ ಘೋಷಿಸಿದ ಮಾತ್ರಕ್ಕೆ ಜನರು ಅದನ್ನು ನಂಬುವುದಿಲ್ಲ. 1979ರಲ್ಲಿ ಅಮೆರಿಕದ ಕೇಂದ್ರ ಬ್ಯಾಂಕಿನ ಅಧ್ಯಕ್ಷರಾದ ಪಾಲ್ ವೋಲ್ಕರ್ ಬೆಲೆಯೇರಿಕೆಯನ್ನು ತಡೆಯಲು ಹಣದ ಹರಿವನ್ನು ಬಿಗಿಗೊಳಿಸಿದರು, ಬಡ್ಡಿದರಗಳು ಗಗನಕ್ಕೇರಿದವು. 1983ರಲ್ಲಿ ಬೆಲೆಯೇರಿಕೆ ಶೇ. 3ರ ಆಸುಪಾಸಿಗೆ ಇಳಿಯಿತು. ಆದರೆ ಜನರಿಗೆ ಆ ನಂಬಿಕೆ ಮೂಡುವುದರೊಳಗೆ, 1982ರ ಕೊನೆಗೆ ನಿರುದ್ಯೋಗ ಶೇ. 10.8ನ್ನು ಮುಟ್ಟಿತ್ತು. ಹಳೆಯ ನಿರೀಕ್ಷೆಯ ಮೇಲೆ ಒಪ್ಪಂದ ಮಾಡಿಕೊಂಡಿದ್ದ ಕುಟುಂಬಗಳು ಅದರ ಬೆಲೆ ತೆತ್ತವು.

ಆದ್ದರಿಂದ ಹಳೆಯ ಅಂಕಿಗಳನ್ನು ಮುಂದಿಟ್ಟು ಹೊಸ ನಿಯಮವನ್ನು ಸಮರ್ಥಿಸುವವರಿಗೆ ಕೇಳಬೇಕಾದ ಪ್ರಶ್ನೆಯೊಂದಿದೆ: ಈ ಅಂಕಿಗಳು ಹುಟ್ಟಿದಾಗ ಜನರು ಯಾವ ನಿಯಮವನ್ನು ನಂಬಿ ನಡೆದಿದ್ದರು, ಹೊಸ ನಿಯಮ ಬಂದ ಮೇಲೆಯೂ ಅವರು ಹಾಗೆಯೇ ನಡೆಯುವರೇ?