ಬಾಟಲಿಯ ಮೇಲಿನ ಶೇಕಡಾ ಹತ್ತು



ದಾವಣಗೆರೆಯ ಆವರಗೆರೆಯಿಂದ ಸಹೋದರಿಯೊಬ್ಬರು ಹೀಗೆ ಬರೆದಿದ್ದಾರೆ: “ನನಗೆ 43 ವರ್ಷ. ಕಣ್ಣಿನ ಅಂಚಿನಲ್ಲಿ ಗೆರೆಗಳು ಮೂಡಿವೆ, ಕೆನ್ನೆಯ ಮೇಲೆ ಬಂಗು ಇದೆ. ನಾದಿನಿ ತನ್ನ ಫೋನಿನಲ್ಲಿ ಒಂದು ಪೆಪ್ಟೈಡ್ ಸೀರಮ್ ತೋರಿಸಿದಳು. 30 ಮಿಲಿಲೀಟರಿನ ಬಾಟಲಿಗೆ 1,800 ರೂಪಾಯಿ. ಅದರ ಮೇಲೆ ಶೇಕಡಾ 10 ಪೆಪ್ಟೈಡ್ ಎಂದು ಬರೆದಿದೆ. ಮನೆಯಲ್ಲಿ ಹೊಲಿಗೆ ಮಾಡಿ ಉಳಿಸಿದ ದುಡ್ಡು ನನ್ನ ಬಳಿ ಇದೆ. ಕೊಳ್ಳಲೇ, ಬೇಡವೇ?”

ಪ್ರಶ್ನೆ ಒಬ್ಬರದಾದರೂ ಈ ಸಂಶಯ ನಿಮ್ಮಲ್ಲಿ ಹಲವರಿಗೆ ಇರಬಹುದು. ಆದ್ದರಿಂದ ಈ ತಿಂಗಳು ಆ ಒಂದು ಬಾಟಲಿಯನ್ನೇ ಮುಂದಿಟ್ಟುಕೊಂಡು ಲೆಕ್ಕ ಹಾಕೋಣ.

ಮೊದಲು ಪೆಪ್ಟೈಡ್ ಎಂದರೇನೆಂದು ತಿಳಿಯೋಣ. ನಮ್ಮ ಚರ್ಮವನ್ನು ಬಿಗಿಯಾಗಿ ಹಿಡಿದಿಡುವುದು ಕೊಲಾಜೆನ್ ಎಂಬ ಪ್ರೋಟೀನು. ಪ್ರೋಟೀನು ಉದ್ದನೆಯ ಮಣಿಸರವಿದ್ದಂತೆ. ಅದರ ಮಣಿಗಳನ್ನು ಅಮೈನೋ ಆಮ್ಲಗಳೆನ್ನುತ್ತಾರೆ. ಆ ಸರದ ಮೂರು, ಐದು ಅಥವಾ ಆರು ಮಣಿಗಳ ಪುಟ್ಟ ತುಂಡೇ ಪೆಪ್ಟೈಡ್. ದೇಹದಲ್ಲಿ ಹಳೆಯ ಕೊಲಾಜೆನ್ ಸವೆದಾಗ ಇಂತಹ ತುಂಡುಗಳು ಉಳಿಯುತ್ತವೆ. ಅವು ಚರ್ಮದ ಜೀವಕೋಶಗಳಿಗೆ, ‘ಇಲ್ಲಿ ಸವೆದಿದೆ, ಹೊಸದನ್ನು ಕಟ್ಟಿ’ ಎಂದು ಸುದ್ದಿ ಮುಟ್ಟಿಸುತ್ತವೆ. 1993ರಲ್ಲಿ ಅಮೆರಿಕದ ಸಂಶೋಧಕರು ಕೊಲಾಜೆನ್ ಕುಟುಂಬದ ಐದು ಮಣಿಗಳ ಒಂದು ತುಂಡು ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳಿಂದ ಹೆಚ್ಚು ಕೊಲಾಜೆನ್ ತಯಾರಿಸುವುದನ್ನು ಕಂಡರು.

ಆದರೆ ಗಾಜಿನ ತಟ್ಟೆಯಲ್ಲಿರುವ ಜೀವಕೋಶಕ್ಕೂ ಮುಖದ ಚರ್ಮಕ್ಕೂ ಬಹಳ ವ್ಯತ್ಯಾಸವಿದೆ. ಚರ್ಮದ ಕೆಲಸವೇ ಹೊರಗಿನದನ್ನು ಒಳಗೆ ಬಿಡದಿರುವುದು. ಪೆಪ್ಟೈಡಿಗೆ ನೀರಿನ ಸ್ನೇಹ ಹೆಚ್ಚು, ಚರ್ಮದ ಮೇಲ್ಪದರದಲ್ಲಿ ಇರುವುದೋ ಜಿಡ್ಡು. ಆದ್ದರಿಂದ ತಯಾರಕರು ಆ ತುಂಡಿಗೆ ಕೊಬ್ಬಿನ ಒಂದು ಬಾಲವನ್ನು ಜೋಡಿಸಿದರು. ಹೀಗೆ ಹುಟ್ಟಿದ್ದೇ ‘ಪಾಮಿಟಾಯ್ಲ್ ಪೆಂಟಾಪೆಪ್ಟೈಡ್-4’. ಇದರ ವ್ಯಾಪಾರದ ಹೆಸರು ಮ್ಯಾಟ್ರಿಕ್ಸಿಲ್. ಫ್ರಾನ್ಸಿನ ಒಂದು ಕಂಪೆನಿ ಇದನ್ನು ತಯಾರಿಸಿ ಬೇರೆ ಕಂಪೆನಿಗಳಿಗೆ ಮಾರುತ್ತದೆ. ಅವರು ಅದನ್ನು ತಮ್ಮ ಸೀರಮಿಗೆ ಬೆರೆಸಿ ನಮಗೆ ಮಾರುತ್ತಾರೆ.

ಬಾಟಲಿಯ ಮೇಲಿನ ‘ಶೇಕಡಾ 10’ರ ಗುಟ್ಟು ಇಲ್ಲಿಯೇ ಇದೆ. ತಯಾರಕರು ಮಾರುವುದು ಶುದ್ಧ ಪೆಪ್ಟೈಡಿನ ಪುಡಿಯನ್ನಲ್ಲ, ಗ್ಲಿಸರಿನ್ ಮತ್ತು ನೀರಿನಂತಹ ದ್ರವದಲ್ಲಿ ಕರಗಿಸಿದ ದ್ರಾವಣವನ್ನು. ಮ್ಯಾಟ್ರಿಕ್ಸಿಲ್‌ನ ಮೂಲ ದ್ರಾವಣದ 10 ಲಕ್ಷ ಭಾಗದಲ್ಲಿ ಪೆಪ್ಟೈಡ್ ಇರುವುದು ಕೇವಲ 100 ಭಾಗ. ಸೀರಮಿಗೆ ಬೆರೆಯುವುದು ಈ ದ್ರಾವಣದ ಶೇಕಡಾ 10.

ನಮ್ಮ ಅಡುಗೆಮನೆಯ ಉದಾಹರಣೆ ತೆಗೆದುಕೊಳ್ಳಿ. ಒಂದು ಲೋಟ ಹಾಲಿಗೆ ನಾಲ್ಕು ಎಳೆ ಕೇಸರಿ ಹಾಕುತ್ತೀರಿ. ಆ ಒಂದು ಲೋಟ ಕೇಸರಿ ಹಾಲನ್ನು ಒಂಬತ್ತು ಲೋಟ ಬರೀ ಹಾಲಿಗೆ ಸುರಿಯುತ್ತೀರಿ. ಈಗ ಪಾತ್ರೆಯಲ್ಲಿ ಶೇಕಡಾ 10 ‘ಕೇಸರಿ ಹಾಲು’ ಇದೆ ಎಂದರೆ ಸುಳ್ಳಲ್ಲ. ಆದರೆ ಶೇಕಡಾ 10 ಕೇಸರಿ ಇದೆ ಎಂದು ಯಾರಾದರೂ ತಿಳಿದರೆ ಅವರು ಮೋಸ ಹೋದರು. ಕೇಸರಿ ಇರುವುದು ಅದೇ ನಾಲ್ಕು ಎಳೆ!

ಈಗ ಆವರಗೆರೆಯ ಸಹೋದರಿ ಹೇಳಿದ ಬಾಟಲಿಗೆ ಬರೋಣ. ಅದರಲ್ಲಿರುವುದು ಈ ದ್ರಾವಣವೇ ಆಗಿದ್ದರೆ, ಸೀರಮಿನ 10 ಲಕ್ಷ ಭಾಗಕ್ಕೆ ಪೆಪ್ಟೈಡ್ 10 ಭಾಗ. ಅಂದರೆ 30 ಮಿಲಿಲೀಟರಿನ ಇಡೀ ಬಾಟಲಿಯಲ್ಲಿ ಸುಮಾರು 0.3 ಮಿಲಿಗ್ರಾಂ. ಒಂದು ಎಳ್ಳುಕಾಳು ಸುಮಾರು 3 ಮಿಲಿಗ್ರಾಂ ತೂಗುತ್ತದೆ. ಎಳ್ಳುಕಾಳನ್ನು ಹತ್ತು ಭಾಗ ಮಾಡಿದರೆ ಅದರಲ್ಲಿ ಒಂದು ಭಾಗದಷ್ಟು ಪೆಪ್ಟೈಡ್. ಬಾಟಲಿಯ ಉಳಿದದ್ದೆಲ್ಲ ನೀರು, ಗ್ಲಿಸರಿನ್, ಸೀರಮನ್ನು ಗಟ್ಟಿಯಾಗಿಸುವ ಅಂಟು ಮತ್ತು ಕೆಡದಂತೆ ಕಾಪಾಡುವ ರಾಸಾಯನಿಕ.

ಹಾಗಾದರೆ ಇದು ಬರೀ ಮೋಸವೇ? ಇಲ್ಲಿ ಆತುರದ ತೀರ್ಮಾನ ಬೇಡ. ಪೆಪ್ಟೈಡ್ ಸುದ್ದಿ ಮುಟ್ಟಿಸುವ ವಸ್ತು. ಸುದ್ದಿಗೆ ಭಾರ ಬೇಕಿಲ್ಲ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 35ರಿಂದ 55 ವರ್ಷದೊಳಗಿನ 93 ಬಿಳಿ ಚರ್ಮದ ಮಹಿಳೆಯರು ಭಾಗವಹಿಸಿದ್ದರು. ಅವರು ಮುಖದ ಒಂದು ಬದಿಗೆ ಸಾಧಾರಣ ಮಾಯಿಶ್ಚರೈಸರನ್ನೂ ಇನ್ನೊಂದು ಬದಿಗೆ ಪೆಪ್ಟೈಡ್ ಬೆರೆಸಿದ ಅದೇ ಮಾಯಿಶ್ಚರೈಸರನ್ನೂ 12 ವಾರ ಹಚ್ಚಿದರು. ಯಾವ ಬದಿಗೆ ಯಾವುದೆಂದು ಹಚ್ಚುವವರಿಗೂ ಗೊತ್ತಿರಲಿಲ್ಲ, ಪರೀಕ್ಷಿಸುವವರಿಗೂ ಗೊತ್ತಿರಲಿಲ್ಲ. ಪೆಪ್ಟೈಡ್ ಇದ್ದದ್ದು 10 ಲಕ್ಷಕ್ಕೆ 3 ಭಾಗ ಮಾತ್ರ. ಆದರೂ ಪೆಪ್ಟೈಡ್ ಹಚ್ಚಿದ ಬದಿಯಲ್ಲಿ ಸಣ್ಣ ಗೆರೆಗಳು ಇನ್ನೊಂದು ಬದಿಗಿಂತ ಕಡಿಮೆಯಾಗಿದ್ದವು.

ಇದರಿಂದ ಎರಡು ವಿಷಯ ತಿಳಿಯುತ್ತದೆ. ಒಂದು, ಪೆಪ್ಟೈಡಿನಿಂದ ಸ್ವಲ್ಪ ಪ್ರಯೋಜನ ಇರಬಹುದು. ಆದರೆ ಅದು ಫೋಟೋಗಳನ್ನು ಸೂಕ್ಷ್ಮವಾಗಿ ಅಳೆದು ಕಂಡುಹಿಡಿಯಬೇಕಾದಷ್ಟು ಸಣ್ಣ ವ್ಯತ್ಯಾಸ. ಅಧ್ಯಯನ ನಡೆಸಿದವರೂ ಇಂತಹ ಕ್ರೀಮುಗಳನ್ನು ಮಾರುವ ಕಂಪೆನಿಯ ವಿಜ್ಞಾನಿಗಳೇ. ಎರಡನೆಯದು ಇನ್ನೂ ಮುಖ್ಯ. ಪ್ರಯೋಜನ ಕಂಡದ್ದು 3 ಭಾಗದಲ್ಲಿ. ಅಂದರೆ ಶೇಕಡಾ 10ರ ಬದಲು ಶೇಕಡಾ 3ರಷ್ಟು ದ್ರಾವಣ ಬೆರೆಸಿದ ಕಡಿಮೆ ಬೆಲೆಯ ಕ್ರೀಮಿನಲ್ಲೂ ಅಷ್ಟು ಪೆಪ್ಟೈಡ್ ಇರುತ್ತದೆ. ದೊಡ್ಡ ಅಂಕಿಗೆ ದೊಡ್ಡ ಬೆಲೆ ಕೊಟ್ಟರೆ ಚರ್ಮಕ್ಕೆ ಅಷ್ಟೇ ದೊಡ್ಡ ಲಾಭವಾಗುತ್ತದೆ ಎಂಬುದಕ್ಕೆ ಈ ಅಧ್ಯಯನದಲ್ಲಿ ಆಧಾರವಿಲ್ಲ.

‘ಸೂಜಿಯಿಲ್ಲದ ಬೊಟಾಕ್ಸ್’ ಎಂದು ಜಾಹೀರಾತು ಮಾಡುವ ಇನ್ನೊಂದು ಪೆಪ್ಟೈಡ್ ಇದೆ. ಅದರ ಹೆಸರು ಅಸಿಟೈಲ್ ಹೆಕ್ಸಾಪೆಪ್ಟೈಡ್-8, ವ್ಯಾಪಾರದ ಹೆಸರು ಆರ್ಜಿರೆಲಿನ್. ನರವು ಸ್ನಾಯುವಿಗೆ ‘ಕುಗ್ಗು’ ಎಂದು ಕೊಡುವ ಆಜ್ಞೆಯನ್ನು ಇದು ತಡೆಯುತ್ತದಂತೆ. 2002ರ ಅಧ್ಯಯನವೊಂದರಲ್ಲಿ 30 ದಿನಗಳಲ್ಲಿ ಗೆರೆಯ ಆಳ ಶೇಕಡಾ 30ರವರೆಗೆ ಇಳಿಯಿತೆಂದು ಜಾಹೀರಾತುಗಳು ಇಂದಿಗೂ ಹೇಳುತ್ತವೆ. ಆ ಅಧ್ಯಯನದಲ್ಲಿದ್ದವರು ಕೇವಲ 10 ಮಹಿಳೆಯರು ಎಂಬುದನ್ನು ಮಾತ್ರ ಹೇಳುವುದಿಲ್ಲ. ಬೊಟಾಕ್ಸನ್ನು ವೈದ್ಯರು ಸೂಜಿಯಿಂದ ನೇರವಾಗಿ ಸ್ನಾಯುವಿಗೇ ಚುಚ್ಚುತ್ತಾರೆ. ಮೇಲೆ ಹಚ್ಚಿದ ಸೀರಮು ಚರ್ಮದ ಎಲ್ಲ ಪದರಗಳನ್ನು ದಾಟಿ ಸ್ನಾಯುವಿನವರೆಗೆ ಇಳಿಯುವುದು ಬಹಳ ಕಷ್ಟ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಇನ್ನು ಬಂಗಿನ ವಿಷಯ. ಈ ಎರಡೂ ಪೆಪ್ಟೈಡುಗಳು ಗೆರೆಗಳಿಗಾಗಿ ಮಾಡಿದವು, ಬಂಗಿಗೆ ಔಷಧವಲ್ಲ. ಬಂಗು ಚರ್ಮದ ಬಣ್ಣಕ್ಕೆ ಸಂಬಂಧಿಸಿದ್ದು. ಅದನ್ನು ಹೆಚ್ಚಿಸುವುದರಲ್ಲಿ ಬಿಸಿಲಿನ ಪಾತ್ರ ದೊಡ್ಡದು. ಆವರಗೆರೆಯ ಸಹೋದರಿಗೆ ಗೆರೆಗಿಂತ ಬಂಗಿನ ಚಿಂತೆಯೇ ಹೆಚ್ಚಾಗಿದ್ದರೆ, ಆ 1,800 ರೂಪಾಯಿಯಿಂದ ಏನೂ ಆಗದು.

ಅಂಗಡಿಯಲ್ಲಿ ಬಾಟಲಿ ಕೈಗೆ ಬಂದಾಗ ಹಿಂಬದಿಯಲ್ಲಿ ಇಂಗ್ಲಿಷಿನಲ್ಲಿರುವ ‘ಇಂಗ್ರೀಡಿಯೆಂಟ್ಸ್’ ಪಟ್ಟಿಯನ್ನು ನೋಡಿ. ನಮ್ಮ ದೇಶದ 2020ರ ಸೌಂದರ್ಯ ಸಾಧನಗಳ ನಿಯಮದ ಪ್ರಕಾರ, ಶೇಕಡಾ ಒಂದಕ್ಕಿಂತ ಹೆಚ್ಚಿರುವ ವಸ್ತುಗಳನ್ನು ಹೆಚ್ಚಿನದರಿಂದ ಕಡಿಮೆಯ ಕಡೆಗೆ ಬರೆಯಬೇಕು. ಶೇಕಡಾ ಒಂದು ಅಥವಾ ಅದಕ್ಕಿಂತ ಕಡಿಮೆಯಿರುವವನ್ನು ಆಮೇಲೆ ಯಾವ ಕ್ರಮದಲ್ಲಾದರೂ ಬರೆಯಬಹುದು. ಪೆಪ್ಟೈಡ್ ಪಟ್ಟಿಯ ಕೊನೆಯಲ್ಲಿದ್ದರೆ ಅದು ಕಳಪೆ ಎಂದು ಕೆಲವರು ಹೇಳುತ್ತಾರೆ. ಈಗ ನಾವು ಮಾಡಿದ ಲೆಕ್ಕ ನೋಡಿದರೆ, ಅದು ಕೊನೆಯಲ್ಲಿರುವುದೇ ಸಹಜ. ನೀವು ನೋಡಬೇಕಾದದ್ದು ಪೂರ್ಣ ಹೆಸರನ್ನು. ‘ಪಾಮಿಟಾಯ್ಲ್’ ಎಂದು ಆರಂಭವಾಗುವ ಸ್ಪಷ್ಟ ಹೆಸರಿದ್ದರೆ ಯಾವ ವಸ್ತುವಿಗೆ ದುಡ್ಡು ಕೊಡುತ್ತಿದ್ದೇವೆಂದು ತಿಳಿಯುತ್ತದೆ. ಮುಂಭಾಗದಲ್ಲಿ ದೊಡ್ಡದಾಗಿ ‘ಪೆಪ್ಟೈಡ್’ ಎಂದಿದ್ದು ಪಟ್ಟಿಯಲ್ಲಿ ಬರೀ ‘ಹೈಡ್ರೊಲೈಸ್ಡ್ ಕೊಲಾಜೆನ್’ ಎಂದಿದ್ದರೆ ಅದು ಬೇರೆಯೇ ವಸ್ತು. ಅದು ಪ್ರಾಣಿಗಳ ಚರ್ಮ, ಮೂಳೆ ಅಥವಾ ಮೀನಿನಿಂದ ಬರುತ್ತದೆ. ಯಾವ ಪ್ರಾಣಿಯದೆಂದು ವಿಚಾರಿಸದೆ ನಮ್ಮ ಮನೆಗಳಲ್ಲಿ ಅದನ್ನು ಕೊಳ್ಳುವಂತಿಲ್ಲ. ಮೇಲೆ ಹೇಳಿದ ಎರಡು ಪೆಪ್ಟೈಡುಗಳನ್ನು ಪ್ರಾಣಿಗಳಿಂದ ತೆಗೆಯುವುದಿಲ್ಲ, ಕಾರ್ಖಾನೆಯಲ್ಲಿ ಅಮೈನೋ ಆಮ್ಲಗಳನ್ನು ಒಂದೊಂದಾಗಿ ಜೋಡಿಸಿ ತಯಾರಿಸುತ್ತಾರೆ.

ಇನ್ನೊಂದು ಎಚ್ಚರಿಕೆ ಇರಲಿ. ಪೆಪ್ಟೈಡಿನ ಪರಿಣಾಮ ಕಾಣಲು ವಾರಗಟ್ಟಲೆ ಬೇಕು. ‘ಪೆಪ್ಟೈಡ್ ಕ್ರೀಮ್’ ಎಂದು ಯಾರೋ ಕೊಟ್ಟ ಡಬ್ಬಿಯಿಂದ ಒಂದೇ ವಾರದಲ್ಲಿ ಮುಖ ಬೆಳ್ಳಗಾಗಿ ಹೊಳೆದರೆ, ಆ ಕೆಲಸ ಪೆಪ್ಟೈಡಿನದಲ್ಲ. ಅದರಲ್ಲಿ ಸ್ಟಿರಾಯ್ಡ್ ಅಥವಾ ಪಾದರಸ ಇರುವ ಸಂಭವವಿದೆ. ನಿಲ್ಲಿಸಿದ ಕೂಡಲೇ ಮುಖ ಕೆಂಪಾಗಿ ಉರಿದರೆ, ಹೊಸದಾಗಿ ಮೊಡವೆ ಅಥವಾ ಕೂದಲು ಬಂದರೆ ಸ್ಟಿರಾಯ್ಡಿನ ಸಂಶಯ ಬಲವಾಗುತ್ತದೆ. 2023ರಲ್ಲಿ ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಪಾದರಸವಿದ್ದ ಬಿಳುಪಿನ ಕ್ರೀಮುಗಳಿಂದ ಮೂತ್ರಪಿಂಡದ ಕಾಯಿಲೆಯಾದ ಪ್ರಕರಣಗಳು ಬೆಳಕಿಗೆ ಬಂದವು. ತಯಾರಕರ ವಿಳಾಸ, ಪರವಾನಗಿ ಸಂಖ್ಯೆ, ವಸ್ತುಗಳ ಪಟ್ಟಿ ಇಲ್ಲದ ಡಬ್ಬಿಯನ್ನು ಮನೆಯೊಳಗೆ ತರಲೇಬೇಡಿ.

ಕೊನೆಗೆ ದುಡ್ಡಿನ ಲೆಕ್ಕ. ದಿನಕ್ಕೆ ಹತ್ತು ಹನಿ, ಅಂದರೆ ಅರ್ಧ ಮಿಲಿಲೀಟರ್ ಹಚ್ಚಿದರೆ ಈ ಬಾಟಲಿ ಎರಡು ತಿಂಗಳಿಗೆ ಮುಗಿಯುತ್ತದೆ. 12 ವಾರ ಹಚ್ಚಬೇಕಾದರೆ ಎರಡು ಬಾಟಲಿ, 3,600 ರೂಪಾಯಿ. ನಿಲ್ಲಿಸಿದರೆ ಲಾಭವೂ ಹಾಗೆಯೇ ಉಳಿಯದು, ಹಚ್ಚುತ್ತಲೇ ಇರಬೇಕು. ಅಷ್ಟು ದುಡ್ಡಿಗೆ ಎಷ್ಟು ಕುಪ್ಪಸ ಹೊಲಿಯಬೇಕೆಂದು ಆ ಸಹೋದರಿಗೇ ಚೆನ್ನಾಗಿ ಗೊತ್ತು.

ನಮ್ಮ ಉತ್ತರ ಇದು. ಮೊದಲ ದುಡ್ಡು ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನಿಗೆ ಹೋಗಲಿ. ಗೆರೆಗೂ ಬಂಗಿಗೂ ಇದೇ ಮೊದಲ ತಡೆ. ಎರಡನೆಯದು ಗ್ಲಿಸರಿನ್ ಇರುವ ಸಾಧಾರಣ ಮಾಯಿಶ್ಚರೈಸರಿಗೆ. ಒಣಗಿದ ಚರ್ಮದ ಸಣ್ಣ ಗೆರೆಗಳು ಇದರಿಂದಲೇ ತುಸು ಮರೆಯಾಗುತ್ತವೆ. ಸೀರಮ್ ಹಚ್ಚಿದ ಮೊದಲ ದಿನವೇ ಮುಖ ನುಣುಪಾಗಿ ಕಾಣುವುದಕ್ಕೂ ಕಾರಣ ಈ ಗ್ಲಿಸರಿನ್ನೇ. ಮೂರನೆಯದಾಗಿ ಚಿಗಟೇರಿ ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವೈದ್ಯರಿಗೆ ಒಮ್ಮೆ ಮುಖ ತೋರಿಸಿ. ಗೆರೆಗಳಿಗೆ ಪೆಪ್ಟೈಡಿಗಿಂತ ಬಹಳ ಬಲವಾದ ಪುರಾವೆ ಇರುವ ಟ್ರೆಟಿನಾಯಿನ್ ಎಂಬ ಕ್ರೀಮಿನ ಟ್ಯೂಬು ಆ ಸೀರಮಿನ ಬೆಲೆಯ ಸಣ್ಣ ಭಾಗಕ್ಕೇ ಸಿಗುತ್ತದೆ. ಆದರೆ ಅದು ವೈದ್ಯರ ಚೀಟಿಯಿಂದಲೇ ಕೊಳ್ಳಬೇಕಾದ ಔಷಧ. ಮೊದಮೊದಲು ಚರ್ಮ ಒಣಗಿ ಸುಲಿಯಬಹುದು. ಗರ್ಭಿಣಿಯರು ಮತ್ತು ಗರ್ಭ ಧರಿಸಲು ಬಯಸುವವರು ಅದನ್ನು ಹಚ್ಚಬಾರದು.

ಟ್ರೆಟಿನಾಯಿನ್ ಹಚ್ಚಿದರೆ ಉರಿಯುತ್ತದೆ ಎನ್ನುವವರಿಗೆ ಪೆಪ್ಟೈಡ್ ಮೃದುವಾದ ದಾರಿ. ಅದು ಸಾಮಾನ್ಯವಾಗಿ ಉರಿ ತರುವುದಿಲ್ಲ. ಆಸೆಯಿದ್ದರೆ ಕೊಳ್ಳಿ, ಆದರೆ ಒಳ್ಳೆಯ ಮಾಯಿಶ್ಚರೈಸರಿನ ಬೆಲೆಗೆ ಸಿಗುವ ಪೆಪ್ಟೈಡ್ ಕ್ರೀಮನ್ನೇ ಕೊಳ್ಳಿ. ಮಾಯಿಶ್ಚರೈಸರಿನ ಕೆಲಸವಂತೂ ಅದು ಮಾಡುತ್ತದೆ. ಎಳ್ಳುಕಾಳಿನ ಹತ್ತನೇ ಒಂದು ಭಾಗಕ್ಕೆ 1,800 ರೂಪಾಯಿ ಕೊಡಬೇಡಿ.