ಅವರು ನಿಮಗೆ ಏನಾಗಬೇಕು?

ಜಾವಗಲ್ಲಿನ ಲಕ್ಷ್ಮೀನರಸಿಂಹ ದೇವಾಲಯ ಎದ್ದದ್ದು 1250ರ ಸುಮಾರಿಗೆ, ಹೊಯ್ಸಳ ವೀರ ಸೋಮೇಶ್ವರ ಆಳುತ್ತಿದ್ದಾಗ. ಅವನ ದೃಷ್ಟಿ ಹಳೇಬೀಡಿಗಿಂತ ಹೆಚ್ಚಾಗಿ ತಮಿಳು ಸೀಮೆಯ ಮೇಲಿತ್ತು. ಶ್ರೀರಂಗದ ಬಳಿಯ ಕಣ್ಣನೂರಿನಲ್ಲಿ ಬೀಡು ಬಿಟ್ಟು ಚೋಳ, ಪಾಂಡ್ಯರ ಜಗಳಗಳಲ್ಲಿ ಕೈಹಾಕುತ್ತಿದ್ದ. ಅಲ್ಲಿಯ ಶಾಸನಗಳು ಅವನನ್ನು ‘ಮಾಮಡಿ’ ಎಂದು ಗೌರವದಿಂದ ಕರೆಯುತ್ತವೆ. ಅದೇ ನಂಟಿನ ಮೂರನೆಯ ರಾಜೇಂದ್ರ ಚೋಳ, ಮುಂದೆ ಮುನಿಸಾದಾಗ, ಮಾಮ ಸೋಮೇಶ್ವರನ ಪಾಲಿಗೆ ತಾನು ಯಮದಂಡ ಎಂಬರ್ಥದ ಬಿರುದನ್ನು ಹೊತ್ತ. ಇಂಗ್ಲಿಷಿನಲ್ಲಿ ಬಂದ ಇತಿಹಾಸ ಗ್ರಂಥಗಳಲ್ಲಿ ಈ ಮಾಮ ‘ಅಂಕಲ್’ ಆಗಿದ್ದಾನೆ.

ಹೀಗೆ ಬರೆದಾಗ ಏನಾಯಿತು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ನಮ್ಮಲ್ಲಿ ಮಾವ ಅನ್ನಿಸಿಕೊಳ್ಳುವವರು ಮುಖ್ಯವಾಗಿ ಮೂವರು: ತಾಯಿಯ ಅಣ್ಣತಮ್ಮಂದಿರು, ಸೋದರತ್ತೆಯ ಗಂಡ, ಹೆಂಡತಿಯ ಅಥವಾ ಗಂಡನ ತಂದೆ. ಸೋಮೇಶ್ವರ ತಾಯಿಯ ಕಡೆಯ ಮಾವನಾಗಿದ್ದರೆ ಹೊಯ್ಸಳರ ಹೆಣ್ಣು ಒಂದು ತಲೆಮಾರು ಹಿಂದೆಯೇ ಚೋಳರ ಮನೆ ಸೇರಿದ್ದಳು ಎಂದಾಗುತ್ತದೆ. ಹೆಣ್ಣು ಕೊಟ್ಟ ಮಾವನಾಗಿದ್ದರೆ ಅವನ ಮಗಳೇ ಅಲ್ಲಿಯ ಸೊಸೆ. ಅತ್ತೆಯ ಗಂಡನಾಗಿದ್ದರೆ ಹೆಣ್ಣು ಬಂದದ್ದು ಆ ಕಡೆಯಿಂದ ಈ ಕಡೆಗೆ. ಯಾರು ಯಾರಿಗೆ ಹೆಣ್ಣು ಕೊಟ್ಟರು ಎಂಬುದು ಅರಸು ಮನೆತನಗಳಲ್ಲಿ ಸಣ್ಣ ವಿಷಯವಲ್ಲ. ಅಂಕಲ್ ಎಂದೊಡನೆ ಹೆಣ್ಣು ಕೊಟ್ಟ ಮಾವ ಲೆಕ್ಕದಿಂದ ಬಿಟ್ಟುಹೋದ. ಮೂಲದಲ್ಲಿ ಸಾಧ್ಯವೇ ಇಲ್ಲದ ಚಿಕ್ಕಪ್ಪ, ದೊಡ್ಡಪ್ಪ ಒಳಗೆ ಸೇರಿಕೊಂಡರು. ಮೂಲದ ಮಾತು ಎಷ್ಟು ಹೇಳಿದೆಯೋ ಅಷ್ಟನ್ನೇ ಹೇಳಿ ಮಿಕ್ಕದ್ದನ್ನು ತೆರೆದಿಡಬೇಕಾದ ಕಡೆ, ಅನುವಾದ ಬೇರೊಂದು ವಂಶವೃಕ್ಷವನ್ನೇ ಬರೆದುಬಿಟ್ಟಿತು.

ಈ ಸಂಚಿಕೆಯಲ್ಲಿ ಅನುವಾದದ ಕಥೆಗಳು ಹೆಚ್ಚಾಗಿವೆ. ಕನ್ನಡದಿಂದ ಹೋದವೂ ಇವೆ, ಇಂಗ್ಲಿಷಿನಿಂದ ಬಂದವೂ ಇವೆ. ಕರಡು ತಿದ್ದುವಾಗ ನಮ್ಮನ್ನು ಮತ್ತೆ ಮತ್ತೆ ನಿಲ್ಲಿಸಿದ್ದು ನಂಟಿನ ಮಾತುಗಳೇ. ಜಾವಗಲ್, ಬಾಣಾವರದ ಕಡೆ ಇಬ್ಬರ ನಡುವಿನ ಸಂಬಂಧ ತಿಳಿಯಬೇಕಾದರೆ ‘ಅವರು ನಿಮಗೆ ಏನಾಗಬೇಕು?’ ಎಂದು ಕೇಳುತ್ತಾರೆ. ಕೇಳುವವರಿಗೆ ಬೇಕಾದದ್ದು ವರಸೆ. ತಂದೆಯ ಕಡೆಯವರೋ ತಾಯಿಯ ಕಡೆಯವರೋ, ದೊಡ್ಡವರೋ ಚಿಕ್ಕವರೋ, ಆ ಮನೆಗೂ ಈ ಮನೆಗೂ ಹೆಣ್ಣು ಕೊಟ್ಟು ತರುವುದು ನಡೆಯುತ್ತದೋ ಇಲ್ಲವೋ, ಇಷ್ಟೂ ಒಂದೇ ಉತ್ತರದಲ್ಲಿ ಬಂದುಬಿಡುತ್ತದೆ. ‘ಅತ್ತೆ ಮಗ’ ಎಂದರೆ ನಡೆಯುತ್ತದೆ. ‘ಚಿಕ್ಕಪ್ಪನ ಮಗ’ ಎಂದರೆ ಅವನು ಅಣ್ಣನೋ ತಮ್ಮನೋ. ಮಾತು ಅಲ್ಲಿಗೇ ಮುಗಿಯಿತು.

ಇಂಗ್ಲಿಷಿನಲ್ಲಿ ಇಬ್ಬರೂ ಕಸಿನ್. ಇದರಿಂದ ಕಥೆಗೆ ಎಂಥ ಪೆಟ್ಟು ಬೀಳುತ್ತದೆ ಎಂಬುದನ್ನು ತೋರಿಸಲು ಒಂದು ಸನ್ನಿವೇಶವನ್ನು ಕಟ್ಟಿಕೊಳ್ಳೋಣ. ಜಾವಗಲ್ಲಿನ ಒಂದು ಮನೆ, ಕೊಬ್ಬರಿ ಸುಲಿಯುವ ಕಾಲ. ಜಗಲಿಯ ಮೇಲೆ ಹುಡುಗಿ ಕೂತಿದ್ದಾಳೆ. ‘ಅಣ್ಣ ಬಂದ. ಅವಳು ಕೂತಲ್ಲಿಂದಲೇ ನೀರಿನ ಚೊಂಬು ಮುಂದೆ ನೂಕಿದಳು. ಅವನ ಹಿಂದೆಯೇ ಭಾವ ಬಂದ. ಅವಳು ಎದ್ದು ಒಳಗೆ ಹೋದಳು.’ ಅಣ್ಣ ಅಂದರೆ ಇಲ್ಲಿ ದೊಡ್ಡಪ್ಪನ ಮಗ. ಭಾವ ಅಂದರೆ ಸೋದರತ್ತೆಯ ಹಿರಿಯ ಮಗ, ಇನ್ನೂ ಮದುವೆಯಾಗದವನು. ಕನ್ನಡದ ಓದುಗನಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ. ಇಂಗ್ಲಿಷಿನಲ್ಲಿ ಇಬ್ಬರನ್ನೂ ಕಸಿನ್ ಮಾಡಿದರೆ ಹುಡುಗಿಗೆ ಎರಡನೆಯವನ ಮೇಲೆ ಸಿಟ್ಟಿದೆ ಎಂದು ತೋರುತ್ತದೆ. ನಿಘಂಟು ನೋಡಿ ಭಾವನನ್ನು ‘ಬ್ರದರ್ ಇನ್ ಲಾ’ ಮಾಡಿದರೆ ಇನ್ನೂ ಕೆಟ್ಟಿತು. ಇವಳಿಗೆ ಅಕ್ಕ ಇದ್ದಳೇ, ಅವಳ ಗಂಡ ಇವನೇ ಎಂದು ಓದುಗ ಹಿಂದಿನ ಪುಟ ಮಗುಚುತ್ತಾನೆ. ಬ್ರದರ್ ಇನ್ ಲಾ ಎಂಬ ಮಾತು ಒಂದು ಮದುವೆ ಆಗಿಹೋಗಿದೆ ಎನ್ನುತ್ತದೆ. ಈ ಭಾವ ಎಂಬ ಮಾತು ಒಂದು ಮದುವೆ ಆಗಬಹುದು ಎನ್ನುತ್ತದೆ. ಕಥೆಯೆಲ್ಲ ಇರುವುದು ಅಷ್ಟರಲ್ಲೇ.

ಹಾಗಾದರೆ ಏನು ಮಾಡಬೇಕು? ಇಂಗ್ಲಿಷಿನಲ್ಲಿ ಒಂಟಿ ಪದ ಇಲ್ಲದಿರಬಹುದು, ಆದರೆ ತಂದೆ, ತಾಯಿ, ಅಕ್ಕ, ತಂಗಿ, ಮಗ ಎಂಬ ಸಣ್ಣ ಮಾತುಗಳೆಲ್ಲ ಇವೆ. ‘ನನ್ನ ಭಾವ, ಫಾದರ್ಸ್ ಸಿಸ್ಟರ್ಸ್ ಸನ್’ ಎಂದು ಜಗಲಿಯ ಸಾಲಿನ ನಡುವೆ ತುರುಕಿದರೆ ಸಾಲು ಕುಸಿಯುತ್ತದೆ. ಅದನ್ನು ಮೊದಲೇ ಮಾಡಿಟ್ಟಿರಬೇಕು. ಕಥೆಯಲ್ಲಿ ಅತ್ತೆ ಮೊದಲ ಸಲ ಬರುವಲ್ಲಿ ಅವಳು ಅಪ್ಪನ ತಂಗಿ ಎಂಬುದನ್ನು ಸೇರಿಸಿ, ಅಲ್ಲಿಂದ ಮುಂದೆ ‘ಅತ್ತೆ’ ಎಂದೇ ಉಳಿಸಿಕೊಂಡರೆ, ಜಗಲಿಯ ಹೊತ್ತಿಗೆ ‘ಅತ್ತೆಸ್ ಸನ್’ ಎಂದರೆ ಸಾಕು. ಮದುವೆಯ ಮಾತನ್ನು ಅಜ್ಜಿಯೋ ನೆರೆಯವಳೋ ಕಥೆಯಲ್ಲಿ ಎಲ್ಲಾದರೂ ಆಡಿಯೇ ಇರುತ್ತಾರೆ. ಆ ಮಾತನ್ನು ಮೆಲ್ಲಗೆ ಹೋಗಲು ಬಿಡದೆ ಸ್ಪಷ್ಟವಾಗಿ ಅನುವಾದಿಸಬೇಕು. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಅನ್ನು ಇಂಗ್ಲಿಷಿಗೆ ತಂದ ಶ್ರೀನಾಥ್ ಪೆರೂರ್ ‘ಚಿಕ್ಕಪ್ಪ’ನನ್ನು ಚಿಕ್ಕಪ್ಪನಾಗಿಯೇ ಉಳಿಸಿದ್ದಾರೆ. ಇಡೀ ಮನೆಯನ್ನು ಸಾಕುವವನು ಅಪ್ಪನಿಗಿಂತ ಚಿಕ್ಕವನು ಎಂಬ ಸಂಗತಿಯ ಮೇಲೆ ನಿಂತ ಕಥೆಯದು. ಅಂಕಲ್ ಎಂದಿದ್ದರೆ ಆ ತೂಕ ಬರುತ್ತಿರಲಿಲ್ಲ.

ಹಿರಿಕಿರಿಯರ ವಿಷಯದಲ್ಲಿ ಅನುಭವಿ ಅನುವಾದಕರೂ ಎಡವುವ ಜಾಗ ಒಂದಿದೆ. ದೊಡ್ಡಪ್ಪ ದೊಡ್ಡವನಾಗಿರುವುದು ಅಪ್ಪನಿಗೆ ಹೋಲಿಸಿದರೆ. ದೊಡ್ಡಪ್ಪನ ಮಗ ಅಣ್ಣನೋ ತಮ್ಮನೋ ಎಂಬುದು ನನ್ನ ವಯಸ್ಸಿಗೆ ಹೋಲಿಸಿದಾಗ ಗೊತ್ತಾಗುವುದು. ದೊಡ್ಡಪ್ಪನ ಮಗ ನನಗಿಂತ ಕಿರಿಯನಾಗಿದ್ದರೆ ತಮ್ಮ. ಇಂಗ್ಲಿಷಿನಿಂದ ಕನ್ನಡಕ್ಕೆ ತರುವಾಗ, ಹಿರಿಯ ಮನೆಯ ಮಕ್ಕಳೆಲ್ಲ ಹಿರಿಯರು ಎಂದುಕೊಂಡು ಅಣ್ಣ, ಅಕ್ಕ ಎಂದು ಹಂಚಿಬಿಡುವುದನ್ನು ನಾವು ಒಂದಕ್ಕಿಂತ ಹೆಚ್ಚು ಹಸ್ತಪ್ರತಿಗಳಲ್ಲಿ ಕಂಡೆವು.

ಆ ಕಡೆಯಿಂದ ಬರುವ ದಾರಿಯೇ ನಿಜಕ್ಕೂ ಕಷ್ಟದ್ದು. ಕನ್ನಡ ಕೇಳುವ ಪ್ರಶ್ನೆಗಳಿಗೆ ಇಂಗ್ಲಿಷಿನ ಲೇಖಕ ಉತ್ತರ ಕೊಟ್ಟಿರುವುದಿಲ್ಲ. ಕೊಟ್ಟಿದ್ದರೂ ಆ ಉತ್ತರ ನಮ್ಮ ವರಸೆಗೆ ಎಲ್ಲ ಸಲವೂ ಒಗ್ಗುವುದಿಲ್ಲ. ಎಮಿಲಿ ಬ್ರಾಂಟೆಯ ‘ವದರಿಂಗ್ ಹೈಟ್ಸ್’ 1847ರದು. ಅದರಲ್ಲಿ ಕಿರಿಯ ಕ್ಯಾಥರೀನ್ ಮೊದಲು ಲಿಂಟನ್‌ನನ್ನು ಮದುವೆಯಾಗುತ್ತಾಳೆ. ಅವನು ಅವಳ ತಂದೆಯ ತಂಗಿಯ ಮಗ. ಅವನು ಸತ್ತ ಮೇಲೆ ಅವಳ ಮನಸ್ಸು ಹೋಗುವುದು ಹೇರ್‌ಟನ್ ಕಡೆಗೆ. ಅವನು ತಾಯಿಯ ಅಣ್ಣನ ಮಗ. ಒಬ್ಬ ಅತ್ತೆ ಮಗ, ಇನ್ನೊಬ್ಬ ಸೋದರಮಾವನ ಮಗ. ಯಾರ್ಕ್‌ಷೈರಿನ ಆ ಬಯಲಿನ ಮನೆಗಳು ಅರಸೀಕೆರೆ ತಾಲ್ಲೂಕಿನ ವರಸೆಗೆ ಒಂದು ಕೂದಲೂ ತಪ್ಪದೆ ಹೊಂದುತ್ತವೆ. ಅನುವಾದಕ ಹೆದರಬೇಕಾದದ್ದೇನೂ ಇಲ್ಲ.

ಜೇನ್ ಆಸ್ಟಿನ್‌ಳ 1814ರ ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ ಹಾಗಲ್ಲ. ಬಡವರ ಮನೆಯ ಫ್ಯಾನಿ, ಲೇಡಿ ಬರ್ಟ್ರಮ್ ಮನೆಯಲ್ಲಿ ಬೆಳೆದು, ಕೊನೆಗೆ ಆ ಮನೆಯ ಮಗ ಎಡ್ಮಂಡ್‌ನನ್ನು ಮದುವೆಯಾಗುತ್ತಾಳೆ. ಲೇಡಿ ಬರ್ಟ್ರಮ್ ಫ್ಯಾನಿಯ ತಾಯಿಯ ಅಕ್ಕ. ಅಂದರೆ ದೊಡ್ಡಮ್ಮ. ಎಡ್ಮಂಡ್ ವಯಸ್ಸಿನಲ್ಲೂ ದೊಡ್ಡವನು, ಆದ್ದರಿಂದ ಅಣ್ಣ. ಲೇಡಿ ಬರ್ಟ್ರಮ್‌ಳ ಗಂಡ ಸರ್ ಥಾಮಸ್ ಕಾದಂಬರಿಯುದ್ದಕ್ಕೂ ದೊಡ್ಡಪ್ಪನಾಗಿದ್ದು ಕೊನೆಯ ಪುಟಗಳಲ್ಲಿ ಮಾವನಾಗಬೇಕು. ನಮ್ಮ ಹಿಂದೂ ಮನೆಗಳಲ್ಲಿ ಹುಟ್ಟಿ ಬೆಳೆದ ಓದುಗನಿಗೆ ಇದು ಸಹಿಸಲಾಗದ ಮಾತು. ಇಂಥಲ್ಲಿ ಕೆಲವರು ಲೇಡಿ ಬರ್ಟ್ರಮ್‌ಳನ್ನು ಅತ್ತೆ ಮಾಡಿ ಎಲ್ಲವನ್ನೂ ಸರಿಪಡಿಸಲು ಹೋಗುತ್ತಾರೆ. ಅದು ಅಕ್ಕತಂಗಿಯರನ್ನು ಅತ್ತಿಗೆ ನಾದಿನಿಯರನ್ನಾಗಿ ಮಾಡುವ ಸುಳ್ಳು. ಮೂವರು ಅಕ್ಕತಂಗಿಯರ ಬೇರೆ ಬೇರೆ ಹಣೆಬರಹದಿಂದಲೇ ಶುರುವಾಗುವ ಕಾದಂಬರಿಯ ಬುಡವನ್ನೇ ಅದು ಕತ್ತರಿಸುತ್ತದೆ. ಇಲ್ಲಿ ಮೂಲವೇ ಒಂದು ದಾರಿ ತೋರಿಸಿದೆ. ಹುಡುಗಿಯನ್ನು ಮನೆಗೆ ತರುವ ಮೊದಲು ಸರ್ ಥಾಮಸ್‌ಗೆ ಅಳುಕಿರುವುದು ಇದೇ ವಿಷಯಕ್ಕೆ: ಮುಂದೆ ಈ ಕಸಿನ್‌ಗಳ ನಡುವೆ ಪ್ರೀತಿ ಹುಟ್ಟಿದರೆ? ಒಟ್ಟಿಗೆ ಅಣ್ಣ ತಂಗಿಯರಂತೆ ಬೆಳೆಸಿದರೆ ಅಂಥದ್ದು ನಡೆಯಲಾರದು ಎಂದು ಆ ಅಕ್ಕತಂಗಿಯರಲ್ಲಿ ಇನ್ನೊಬ್ಬಳಾದ ಮಿಸೆಸ್ ನಾರಿಸ್ ಸಮಾಧಾನ ಹೇಳುತ್ತಾಳೆ. ಅವಳು ವಾದ ಮಾಡಿ ಹೇಳುವುದನ್ನು ನಮ್ಮ ‘ಅಣ್ಣ’ ಎಂಬ ಕರೆ ವಾದವಿಲ್ಲದೆಯೇ ಹೇಳುತ್ತದೆ. ಆದ್ದರಿಂದ ದೊಡ್ಡಮ್ಮ ದೊಡ್ಡಮ್ಮನಾಗಿಯೇ ಇರಲಿ. ಎಡ್ಮಂಡ್‌ನನ್ನು ಮಾತ್ರ ಫ್ಯಾನಿಯ ಬಾಯಲ್ಲಿ ಅಣ್ಣ ಎನ್ನಿಸದೆ ಹೆಸರಿನಿಂದ ಕರೆಸಬೇಕು. ಮುಜುಗರ ಓದುಗನಿಗೆ ಆಗಲಿ. ಆ ಊರಿನಲ್ಲಿ ಅದು ನಡೆಯುತ್ತಿತ್ತು ಎಂಬ ಅರಿವೂ ಅದರ ಜೊತೆಗೇ ಬರಲಿ.

ಅಷ್ಟಕ್ಕೂ ಆ ಅರಿವಿಗೆ ಇಂಗ್ಲೆಂಡಿನವರೆಗೆ ಹೋಗಬೇಕಿಲ್ಲ. ಜಾವಗಲ್ಲಿನಲ್ಲಿ ದೇವಾಲಯದಷ್ಟೇ ದರ್ಗಾ ಕೂಡ ಹೆಸರಾದದ್ದು. ಮುಸ್ಲಿಂ ಮನೆಗಳಲ್ಲಿ ಚಾಚಾನ ಮಗನನ್ನೋ ಖಾಲಾನ ಮಗನನ್ನೋ ಮದುವೆಯಾಗಲು ಧರ್ಮದ ಅಡ್ಡಿಯಿಲ್ಲ. ಅಂಥ ಮನೆಯ ಕಥೆಯಲ್ಲಿ ಖಾಲಾಳನ್ನು ಚಿಕ್ಕಮ್ಮ ಮಾಡಿದ ಕೂಡಲೇ ಅವಳ ಮಗ ಅಣ್ಣನೋ ತಮ್ಮನೋ ಆಗುತ್ತಾನೆ, ಇಲ್ಲದ ನಿಷೇಧವೊಂದು ಕಥೆಯೊಳಗೆ ಬಂದು ಕೂರುತ್ತದೆ. ಖಾಲಾ ಖಾಲಾ ಆಗಿಯೇ ಉಳಿಯಬೇಕಾದದ್ದು ಅದಕ್ಕಾಗಿ.

ಕಾನೂನಿನ ಅನುವಾದದಲ್ಲಿ ಈ ಸ್ವಾತಂತ್ರ್ಯವೂ ಇಲ್ಲ. 1955ರ ಹಿಂದೂ ವಿವಾಹ ಕಾಯ್ದೆ ನಿಷಿದ್ಧ ಸಂಬಂಧಗಳನ್ನು ಹೇಳುವಾಗ ‘ಅಂಕಲ್’ ಮತ್ತು ‘ನೀಸ್’ ಎಂಬ ಜೋಡಿಯನ್ನು ಹೆಸರಿಸುತ್ತದೆ. ರೂಢಿಯಿದ್ದಲ್ಲಿ ವಿನಾಯಿತಿಯನ್ನೂ ಕೊಡುತ್ತದೆ. ನಮ್ಮಲ್ಲಿ ಅಣ್ಣನ ಮಗಳು ಮಗಳೇ. ಅಕ್ಕನ ಮಗಳು ಸೊಸೆ, ಸೋದರಮಾವ ಅವಳನ್ನು ಮದುವೆಯಾಗುವ ರೂಢಿ ಅನೇಕ ಜಾತಿಗಳಲ್ಲಿ ಹಿಂದಿನಿಂದ ಬಂದದ್ದು. ಸೋದರಮಾವ ಮತ್ತು ಸೊಸೆ ಎಂದು ಅನುವಾದಿಸಿದರೆ ಚಿಕ್ಕಪ್ಪ ನಿಷೇಧದ ಹೊರಗುಳಿಯುತ್ತಾನೆ. ಚಿಕ್ಕಪ್ಪ ಮತ್ತು ಮಗಳು ಎಂದರೆ ಯಾವ ಸಂಬಂಧಕ್ಕೆ ರೂಢಿಯ ವಿನಾಯಿತಿ ಬೇಕಾಗಿತ್ತೋ ಅದೇ ಕಾಣೆಯಾಗುತ್ತದೆ. ತಂದೆಯ ಅಥವಾ ತಾಯಿಯ ಸಹೋದರ, ಸಹೋದರನ ಅಥವಾ ಸಹೋದರಿಯ ಮಗಳು ಎಂದು ಬಿಡಿಸಿ ಬರೆಯುವುದೊಂದೇ ದಾರಿ. ಉದ್ದವಾದರೂ ಆಗಲಿ. ಪತ್ರಿಕೆಗಳು ಸುದ್ದಿಯಲ್ಲಿ ಬಳಸುವ ‘ಸೋದರ ಸಂಬಂಧಿ’ಯನ್ನೂ ಇದೇ ಕಾರಣಕ್ಕೆ ನಾನು ಒಪ್ಪುತ್ತೇನೆ. ಏಜೆನ್ಸಿಯ ವರದಿಯಲ್ಲಿ ಕಸಿನ್ ಎಂದಷ್ಟೇ ಇದ್ದಾಗ ಊಹಿಸಿ ಚಿಕ್ಕಪ್ಪನ ಮಗ ಎಂದು ಬರೆಯುವುದಕ್ಕಿಂತ ಅದು ಪ್ರಾಮಾಣಿಕ. ಕಥೆಯ ಮಾತುಕತೆಯಲ್ಲಿ ಮಾತ್ರ ಅದು ಸಲ್ಲದು. ಯಾವ ಮನೆಯಲ್ಲೂ ಯಾರೂ ಯಾರನ್ನೂ ಹಾಗೆ ಕರೆಯುವುದಿಲ್ಲ.

ಮುಂದಿನ ಸಂಚಿಕೆಗಳಿಗೆ ಅನುವಾದ ಕಳಿಸುವವರು ಹಸ್ತಪ್ರತಿಯ ಜೊತೆ ಕಥೆಯ ಮನೆತನದ ವಂಶವೃಕ್ಷವನ್ನು ಒಂದು ಹಾಳೆಯಲ್ಲಿ ಬರೆದು ಕಳಿಸಬೇಕೆಂದು ಕೋರುತ್ತೇನೆ. ನಾಡಕಚೇರಿಗೆ ಕೊಡುವಂಥದ್ದೇ ಸಾಕು: ಯಾರ ಮಗ, ಯಾರ ಮಗಳು, ಯಾರು ಹಿರಿಯರು, ಯಾರನ್ನು ಎಲ್ಲಿಗೆ ಕೊಟ್ಟರು. ಮೂಲದಲ್ಲಿ ಇದು ತಿಳಿಯದ ಕಡೆ ಖಾಲಿ ಬಿಡಿ, ಊಹಿಸಿ ತುಂಬಬೇಡಿ. ಲೇಖಕರು ಬದುಕಿದ್ದರೆ ಅವರನ್ನೇ ಕೇಳಿ. ಈ ಸಂಚಿಕೆಯ ಕಥೆಯೊಂದರಲ್ಲಿ ಬರುವ ‘ಮಾವ’ ಯಾರೆಂಬುದು ನಮಗೆ ಸ್ಪಷ್ಟವಾದದ್ದು ಲೇಖಕಿಗೆ ಫೋನ್ ಮಾಡಿದ ಮೇಲೆಯೇ.