ಬೆಲೆಯೋ, ಬೆಳೆಯೋ, ಬೇಳೆಯೋ?

ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುವ ರೂಢಿಯನ್ನು ಭಾಷಾಭಿಮಾನದ ನೆಲೆಯಿಂದ ಟೀಕಿಸುವವರು ಬಹಳ ಮಂದಿ ಇದ್ದಾರೆ. ನನ್ನ ಆಕ್ಷೇಪ ಬೇರೆಯದು. ನಿವೃತ್ತಿಯ ನಂತರ ಊರಿನ ರೈತರ ಅರ್ಜಿಗಳನ್ನು ಶುದ್ಧ ಪ್ರತಿ ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಅವುಗಳಲ್ಲಿ ಹಲವು ಮೊದಲು ಮೊಬೈಲಿನಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ ಬರುತ್ತವೆ. ಅವನ್ನು ಕನ್ನಡ ಲಿಪಿಗೆ ತರುವುದು ನಕಲು ಮಾಡುವ ಕೆಲಸವಲ್ಲ, ಅರ್ಥ ನಿರ್ಣಯಿಸುವ ಕೆಲಸ ಎಂಬುದು ದಿನವೂ ಮನವರಿಕೆಯಾಗುತ್ತಿದೆ.

bele ಎಂಬ ನಾಲ್ಕು ಅಕ್ಷರಗಳನ್ನೇ ನೋಡಿ. ಇಂಗ್ಲಿಷಿನ l ನಮ್ಮ ಲಕಾರಕ್ಕೂ ಸಲ್ಲುತ್ತದೆ, ಳಕಾರಕ್ಕೂ ಸಲ್ಲುತ್ತದೆ. ಮೊದಲ e ಹ್ರಸ್ವವೂ ಆಗಬಹುದು, ದೀರ್ಘವೂ ಆಗಬಹುದು. ಎರಡನ್ನೂ ಕೂಡಿಸಿದರೆ ನಾಲ್ಕು ರೂಪಗಳು ಸಾಧ್ಯ. ಅವುಗಳಲ್ಲಿ ಮೂರು ನಮ್ಮ ನಿತ್ಯ ಬಳಕೆಯ ಪದಗಳು: ಬೆಲೆ, ಬೆಳೆ, ಬೇಳೆ. ಕೃಷಿಗೆ ಸಂಬಂಧಿಸಿದ ಒಂದೇ ಪತ್ರದಲ್ಲಿ ಈ ಮೂರೂ ಬರುವುದು ಸಹಜ. ಬೆಳೆ ನಷ್ಟದ ಅರ್ಜಿ ಕಂದಾಯ ಇಲಾಖೆಯ ಕಡತ. ಬೆಂಬಲ ಬೆಲೆಯ ಬೇಡಿಕೆ ಕೃಷಿ ಮಾರುಕಟ್ಟೆಗೆ ಸೇರಿದ್ದು. ಒಂದು ಅಕ್ಷರ ತಪ್ಪಿದರೆ ಅರ್ಜಿ ಬೇರೆ ಕಚೇರಿಯ ಮೇಜಿನ ಮೇಲೆ ಮಲಗುತ್ತದೆ.

ಹಾಗಾದರೆ ಸರಿಯಾಗಿ ಪರಿವರ್ತಿಸುವುದು ಹೇಗೆ? ಇಂಥ ಸಂದೇಶಗಳ ಮಾದರಿಯಲ್ಲಿ ನಾನೇ ರಚಿಸಿದ ಒಂದು ಉದಾಹರಣೆಯನ್ನು ಮುಂದಿಡುತ್ತೇನೆ.

```
male illade togari bele haalagide. peteyalli
bele kooda illa. eradu dana sattide. parihara kodi.
```

ಮೊದಲ ಹಂತ, ಬರೆದವರ ರೂಢಿಯನ್ನು ಅರಿಯುವುದು. ಸಂಶಯಕ್ಕೆ ಎಡೆಯಿಲ್ಲದ ಪದಗಳನ್ನು ಇದಕ್ಕೆ ಆರಿಸಿಕೊಳ್ಳಬೇಕು. togari ಎಂಬುದು ತೊಗರಿ, peteyalli ಎಂಬುದು ಪೇಟೆಯಲ್ಲಿ. ಅಂದರೆ ಇವರು ತಕಾರಕ್ಕೂ ಟಕಾರಕ್ಕೂ t ಒಂದನ್ನೇ ಬಳಸುತ್ತಾರೆ. ಇನ್ನು ಕೆಲವರು thogari ಎಂದು ಬರೆಯುತ್ತಾರೆ. ಅಲ್ಲಿ th ಎಂಬುದು ಮಹಾಪ್ರಾಣವಲ್ಲ, ಬರಿಯ ತಕಾರ. ಅಂಥವರ ಬರಹದಲ್ಲಿ ಒಂಟಿ t ಬಂದರೆ ಅದು ಬಹುತೇಕ ಟಕಾರವೇ. ಇದನ್ನು ಗಮನಿಸದೆ th ಕಂಡಲ್ಲೆಲ್ಲ ಥಕಾರ ಹಾಕಿದರೆ ತೋಟವು ಥೋಟವಾಗುತ್ತದೆ.

ಎರಡನೆಯ ಹಂತ, ದೀರ್ಘ ಸ್ವರಗಳ ಪತ್ತೆ. ನಮ್ಮ ಲೇಖಕರು haalagide ಎಂದಿದ್ದಾರೆ. ಮೊದಲಕ್ಷರದ ದೀರ್ಘವನ್ನು ಎರಡು a ಹಾಕಿ ತೋರಿಸಿ, ನಂತರದ ದೀರ್ಘವನ್ನು ಬಿಟ್ಟಿದ್ದಾರೆ. parihara ಪದದಲ್ಲೂ ಹೀಗೆಯೇ ನಡುವಿನ ದೀರ್ಘ ಮಾಯವಾಗಿದೆ. ಆದ್ದರಿಂದ ಇವರ ಬರಹದಲ್ಲಿ ಮೊದಲಕ್ಷರದ ಒಂಟಿ a ಹ್ರಸ್ವವೆಂದು ಊಹಿಸಬಹುದು, ನಂತರದ ಅಕ್ಷರಗಳಲ್ಲಿ ಹಾಗೆ ನಂಬುವಂತಿಲ್ಲ. ಏ ಮತ್ತು ಓ ಸ್ವರಗಳ ಪಾಡು ಇನ್ನೂ ಕಷ್ಟದ್ದು. ಇಂಗ್ಲಿಷಿನ ಅಭ್ಯಾಸಬಲದಿಂದ ee ಎಂಬುದನ್ನು ಈಕಾರಕ್ಕೂ oo ಎಂಬುದನ್ನು ಊಕಾರಕ್ಕೂ ಕೊಟ್ಟುಬಿಟ್ಟಿದ್ದೇವೆ. ಹಾಗಾಗಿ ಏ, ಓ ಸ್ವರಗಳನ್ನು ತೋರಿಸಲು ಜನಬಳಕೆಯಲ್ಲಿ ಯಾವ ಗುರುತೂ ಉಳಿದಿಲ್ಲ. kodi ಎಂಬುದು ಕೊಡಿ ಎಂಬ ಕೋರಿಕೆಯೂ ಹೌದು, ಕೆರೆಯ ಕೋಡಿಯೂ ಹೌದು.

ಮೂರನೆಯ ಹಂತ, ಉಳಿದ ಸಂಶಯಗಳನ್ನು ನೆರೆಯ ಪದಗಳಿಂದ ಪರಿಹರಿಸುವುದು. male ಎಂಬುದು ಮಲೆಯೋ ಮಳೆಯೋ? ‘ಇಲ್ಲದೆ’ ಹಾಳಾಗುವುದಕ್ಕೆ ಕಾರಣ ಮಳೆ. haalagide ಎಂಬುದನ್ನು ಲಕಾರದಲ್ಲಿ ಬರೆದರೆ ತೊಗರಿ ಹಾಲಾಗಿಬಿಡುತ್ತದೆ. ಇಲ್ಲಿ ಳಕಾರವೇ ಸರಿ. ಮಳೆಯಿಲ್ಲದೆ ಕೆಡುವುದು ಹೊಲದಲ್ಲಿರುವ ಬೆಳೆ, ಡಬ್ಬದಲ್ಲಿರುವ ಬೇಳೆಯಲ್ಲ. ಪೇಟೆಯಲ್ಲಿ ಇಲ್ಲದ್ದು ಬೆಲೆ. dana ಎಂಬುದು ದನ, ಧನ, ದಾನ ಮೂರೂ ಆಗಬಲ್ಲದು, ಆದರೆ ಸಾಯುವುದು ದನ ಮಾತ್ರ. ಹೀಗೆ ಸಿದ್ಧವಾಗುವ ಪಾಠ ಇದು: ‘ಮಳೆ ಇಲ್ಲದೆ ತೊಗರಿ ಬೆಳೆ ಹಾಳಾಗಿದೆ. ಪೇಟೆಯಲ್ಲಿ ಬೆಲೆ ಕೂಡ ಇಲ್ಲ. ಎರಡು ದನ ಸತ್ತಿದೆ. ಪರಿಹಾರ ಕೊಡಿ.’ ವ್ಯಾಕರಣ ಬಲ್ಲವರಿಗೆ ‘ಸತ್ತಿವೆ’ ಎಂದು ತಿದ್ದುವ ಆಸೆ ಬರಬಹುದು. ಕಾಗುಣಿತ ಸರಿಪಡಿಸುವುದು ನಮ್ಮ ಹೊಣೆ, ಅರ್ಜಿದಾರರ ವಾಕ್ಯವನ್ನು ಬದಲಿಸುವುದಲ್ಲ ಎಂದು ನಾನು ಅದನ್ನು ಹಾಗೆಯೇ ಬಿಡುತ್ತೇನೆ.

ಆದರೆ ಈ ಮೂರು ಹಂತಗಳೂ ಸೋಲುವ ಸಂದರ್ಭಗಳಿವೆ. ಇನ್ನೊಂದು ಪುಟ್ಟ ವಾಕ್ಯವನ್ನು ನೋಡಿ.

```
ee varsha togari bele hechagide
```

hechagide ಎಂಬುದು ‘ಹೆಚ್ಚಾಗಿದೆ’ ಎಂಬುದರಲ್ಲಿ ಅನುಮಾನವಿಲ್ಲ. ch ಎಂಬುದೇ ಎರಡಕ್ಷರವಾದ್ದರಿಂದ ಅದರ ಒತ್ತನ್ನು ತೋರಿಸಲು ನಾಲ್ಕಕ್ಷರ ಒತ್ತುವ ತಾಳ್ಮೆ ಯಾರಿಗೂ ಇರುವುದಿಲ್ಲ. ಚಕಾರದ ದ್ವಿತ್ವ ಹೀಗೆ ಬಿದ್ದುಹೋಗುವುದು ಸಾಮಾನ್ಯ. ತೊಡಕು ಇರುವುದು bele ಪದದಲ್ಲಿ. ತೊಗರಿಯ ಬೆಲೆ ಹೆಚ್ಚಾಗಿದೆಯೋ, ಬೆಳೆ ಹೆಚ್ಚಾಗಿದೆಯೋ? ಎರಡೂ ಶುದ್ಧ ವಾಕ್ಯಗಳು, ಎರಡೂ ನಂಬಲರ್ಹ ಸಂಗತಿಗಳು. ಅರ್ಥಶಾಸ್ತ್ರ ಓದಿದವನಿಗೆ ಇವು ಬಹುಮಟ್ಟಿಗೆ ಪರಸ್ಪರ ವಿರುದ್ಧವಾದ ಸುದ್ದಿಗಳು ಕೂಡ. ಬೆಳೆ ಹೆಚ್ಚಿ ಬೇಡಿಕೆ ಇದ್ದಷ್ಟೇ ಇದ್ದರೆ ಬೆಲೆ ಕುಸಿಯುತ್ತದೆ. ಒಂದು ಓದಿನಲ್ಲಿ ರೈತನಿಗೆ ಲಾಭ, ಇನ್ನೊಂದರಲ್ಲಿ ಅವನಿಗೆ ಖರೀದಿ ಕೇಂದ್ರ ಬೇಕು. ಪದಗಳನ್ನು ತಾನಾಗಿ ಕನ್ನಡಕ್ಕೆ ತಿರುಗಿಸುವ ತಂತ್ರಾಂಶ ಇಲ್ಲಿಯೂ ಹಿಂಜರಿಯದೆ ಯಾವುದೋ ಒಂದನ್ನು ಆರಿಸಿಕೊಡುತ್ತದೆ. ಫಲಿತಾಂಶದಲ್ಲಿ ಕಾಗುಣಿತದೋಷ ಕಾಣದ ಕಾರಣ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಇಂಥ ಕಡೆ ಬರೆದವರನ್ನೇ ಕೇಳುವುದರ ಹೊರತು ಬೇರೆ ದಾರಿಯಿಲ್ಲ.

ಹೆಸರುಗಳ ವಿಷಯದಲ್ಲೂ ಇದೇ ಎಚ್ಚರ ಬೇಕು, ಏಕೆಂದರೆ ಅವುಗಳಿಗೆ ನೆರೆಯ ಪದಗಳ ನೆರವು ಸಿಗುವುದಿಲ್ಲ. 2014ರ ನವೆಂಬರಿನಲ್ಲಿ ನಮ್ಮ ನಗರಗಳ ಇಂಗ್ಲಿಷ್ ಬರಹವನ್ನು ಕನ್ನಡದ ಉಚ್ಚಾರಣೆಗೆ ಹತ್ತಿರವಾಗಿಸಲಾಯಿತು. ಆ ಅಧಿಕೃತ ರೂಪಗಳಲ್ಲೂ Kalaburagi ಹೆಸರಿನ l ಲಕಾರ, Belagavi ಹೆಸರಿನ l ಳಕಾರ. ನಗರಗಳ ಹೆಸರು ಎಲ್ಲರಿಗೂ ಗೊತ್ತಿರುವುದರಿಂದ ತೊಂದರೆಯಿಲ್ಲ. ಕೇಳಿರದ ಹಳ್ಳಿಯ ಅಥವಾ ವ್ಯಕ್ತಿಯ ಹೆಸರನ್ನು ಪಹಣಿಯಲ್ಲೋ ಪಡಿತರ ಚೀಟಿಯಲ್ಲೋ ಇರುವ ಕನ್ನಡ ರೂಪದೊಡನೆ ತಾಳೆ ನೋಡದೆ ಬರೆಯಬಾರದು.

ಇಂಗ್ಲಿಷ್ ಕೀಲಿಗಳನ್ನು ಬಿಡಲಾಗದವರಿಗೂ ಒಂದು ದಾರಿಯಿದೆ. ‘ಬರಹ’ ತಂತ್ರಾಂಶವು ಹಿಂದೆಯೇ ರೂಢಿಗೆ ತಂದ ಕ್ರಮದಲ್ಲಿ ದೊಡ್ಡ ಮತ್ತು ಚಿಕ್ಕ ಅಕ್ಷರಗಳಿಗೆ ಬೇರೆ ಬೇರೆ ಬೆಲೆಯಿದೆ. bele ಎಂದರೆ ಬೆಲೆ, beLe ಎಂದರೆ ಬೆಳೆ, bELe ಎಂದರೆ ಬೇಳೆ. ಇದೇ ರೀತಿ t ತಕಾರ, T ಟಕಾರ. n ನಕಾರ, N ಣಕಾರ. ಇಲ್ಲಿ ಊಹೆಗೆ ಎಡೆಯೇ ಇಲ್ಲ, ಬರೆಯುವಾಗಲೇ ನಿರ್ಣಯ ಮುಗಿದಿರುತ್ತದೆ. ಮೊಬೈಲಿನಲ್ಲಿ ದೊಡ್ಡಕ್ಷರ ಒತ್ತುವುದು ತುಸು ತೊಡಕಿನ ಕೆಲಸ ನಿಜ. ಆದರೆ ಆ ಶ್ರಮವನ್ನು ಬರೆಯುವವರು ಉಳಿಸಿದರೆ ಓದುವವರು ಅದನ್ನು ತೆರಬೇಕಾಗುತ್ತದೆ, ಮತ್ತು ಅವರಿಗೆ ಬರೆದವರ ಮನಸ್ಸಿನಲ್ಲಿದ್ದ ಪದ ಗೊತ್ತಿರುವುದಿಲ್ಲ.

ಆದ್ದರಿಂದ ಸಾರ್ವಜನಿಕರ ಅಹವಾಲುಗಳನ್ನು ಮೊಬೈಲಿನ ಮೂಲಕ ಸ್ವೀಕರಿಸುವ ಕಚೇರಿಗಳಿಗೆ ನನ್ನ ಸಲಹೆ ಎರಡೇ. ಕನ್ನಡಕ್ಕೆ ತಂದ ಪ್ರತಿಯೊಡನೆ ಮೂಲ ಸಂದೇಶವನ್ನೂ ಕಡತದಲ್ಲಿ ಉಳಿಸಿಕೊಳ್ಳಿ. ಮುಂದೆ ಯಾರಾದರೂ ಅದನ್ನು ಬೇರೆಯಾಗಿ ಓದಬೇಕಾದೀತು. ಮತ್ತು ಕ್ರಮ ಕೈಗೊಳ್ಳುವ ಮೊದಲು ಕನ್ನಡದ ಪ್ರತಿಯನ್ನು ಅರ್ಜಿದಾರರಿಗೆ ದೂರವಾಣಿಯಲ್ಲಿ ಓದಿ ಹೇಳಿ. ಬೆಲೆ ಎಂದು ಓದಿದ್ದನ್ನು ಕೇಳಿ, ಅಲ್ಲ ಸ್ವಾಮಿ, ಬೆಳೆ ಎಂದು ಹೇಳಲು ಆತನಿಗೆ ಕ್ಷಣವೂ ಬೇಡ.